ಕಲ್ಲುದಾರಿಯಲ್ಲಿ ಟೈರಿಗೆ ಎಷ್ಟು ಗಾಳಿ?

ಸಕಲೇಶಪುರದ ಆಚೆ ಗೆಳೆಯನೊಬ್ಬನ ಕಾಫಿ ತೋಟವಿದೆ. ತೋಟದ ತುದಿಯವರೆಗೆ ಜೀಪು ಓಡಾಡುವ ಮಣ್ಣಿನ ದಾರಿ. ಕೆಳಗಿನ ಅರ್ಧದಲ್ಲಿ ಕೆಂಪು ಕೆಸರು, ಮೇಲಿನ ಅರ್ಧದಲ್ಲಿ ಬರೀ ಕಲ್ಲು. ಒಂದು ಅಕ್ಟೋಬರ್‌ನಲ್ಲಿ, ಹಿಂದಿನ ರಾತ್ರಿ ಮಳೆ ಬಂದು ನಿಂತಿದ್ದ ಬೆಳಿಗ್ಗೆ, ನಾವಿಬ್ಬರು ಎರಡು ಎಕ್ಸ್‌ಪಲ್ಸ್ 200 ಬೈಕುಗಳಲ್ಲಿ ಆ ದಾರಿ ಹತ್ತಿದೆವು. ಕೆಸರಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತಿತ್ತು. ಬೈಕಿನಿಂದಿಳಿದು ಎರಡೂ ಟೈರುಗಳ ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿದೆ. ಆಮೇಲೆ ಬೈಕು ಹಿಡಿತ ಬಿಡದೆ ಏರಿತು. ಆ ಖುಷಿಯಲ್ಲಿ, ಕಲ್ಲಿನ ಭಾಗಕ್ಕೆ ಬಂದಾಗ ಗಾಳಿಯನ್ನು ಮತ್ತೆ ಏರಿಸಬೇಕು ಅನ್ನುವುದೇ ಮರೆತುಹೋಯಿತು.

ಇಳಿಯುವಾಗ ಆಗಿದ್ದು ಇಷ್ಟು. ಮಳೆನೀರು ಹರಿಯಲೆಂದು ದಾರಿಗೆ ಅಡ್ಡಲಾಗಿ ತೋಡಿದ ಚರಂಡಿ, ಅದರ ಅಂಚಿಗೆ ಸಾಲಾಗಿ ಕೂರಿಸಿದ ಸೈಜುಗಲ್ಲು. ವೇಗ ಮೂವತ್ತರ ಆಸುಪಾಸು. ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ‘ಟಣ್’ ಎಂದು ಲೋಹದ ಸದ್ದಾಯಿತು. ಕಲ್ಲಿಗೆ ರಬ್ಬರ್ ಬಡಿದರೆ ಅಂಥ ಸದ್ದು ಬರುವುದಿಲ್ಲ. ನೂರು ಮೀಟರ್ ದಾಟುವಷ್ಟರಲ್ಲಿ ಹ್ಯಾಂಡಲ್ ಭಾರವಾಗಿ, ಮುಂದಿನ ಚಕ್ರ ಎಳೆದ ಕಡೆಗೆ ಹೋಗತೊಡಗಿತು. ಟ್ಯೂಬ್ ಹೊರಗೆಳೆದು ನೋಡಿದರೆ ಅಕ್ಕಪಕ್ಕದಲ್ಲಿ ಎರಡು ಸೀಳು, ಒಂದೊಂದೂ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ.

ಗೆಳೆಯ ಕೇಳಿದ: “ಎರಡೂ ಚಕ್ರಕ್ಕೆ ರಿಮ್ ಲಾಕ್ ಹಾಕ್ಸಿದ್ಯಲ್ಲೋ, ಆದ್ರೂ ಹೆಂಗೆ ಪಂಕ್ಚರ್ ಆಯ್ತು?”

ಈ ಪ್ರಶ್ನೆಯನ್ನು ಆಮೇಲೆ ಎಷ್ಟೋ ಮಂದಿಯಿಂದ ಕೇಳಿದ್ದೇನೆ. ರಿಮ್ ಲಾಕ್ ಇದ್ದರೆ ಗಾಳಿಯನ್ನು ಎಷ್ಟು ಬೇಕಾದರೂ ಇಳಿಸಬಹುದು, ಟ್ಯೂಬಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಮಣ್ಣುದಾರಿಯ ಸವಾರರಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ರಿಮ್ ಲಾಕ್ ಒಂದು ಬಗೆಯ ಪಂಕ್ಚರ್ ತಡೆಯುತ್ತದೆ, ಕಲ್ಲುದಾರಿಯ ಪಂಕ್ಚರ್ ಬೇರೆಯದು. ಎರಡರ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಟೈರಿನ ಒಳಗೆ ಏನಾಗುತ್ತದೆ ಎಂದು ನೋಡಬೇಕು.

ರಿಮ್ಮಿನ ಎರಡೂ ಬದಿಯಲ್ಲಿ ಹೊರಕ್ಕೆ ಎದ್ದು ನಿಂತ ತೆಳುವಾದ ಅಂಚುಗಳಿರುತ್ತವೆ. ಟೈರಿನ ಬೀಡಿಂಗ್ ಈ ಅಂಚುಗಳ ಒಳಗೆ ಕೂರುತ್ತದೆ. ಟೈರು ಮತ್ತು ರಿಮ್ಮಿನ ನಡುವಿನ ಪೊಳ್ಳಿನಲ್ಲಿ ಟ್ಯೂಬ್ ತುಂಬಿಕೊಂಡಿರುತ್ತದೆ. ಚೂಪಾದ ಕಲ್ಲಿಗೆ ಬಡಿದಾಗ ಟೈರು ಒಳಕ್ಕೆ ಮಡಚಿಕೊಳ್ಳುತ್ತದೆ. ಗಾಳಿ ಸಾಕಷ್ಟಿದ್ದರೆ ಅರ್ಧದಲ್ಲೇ ತಡೆದು ವಾಪಸ್ ತಳ್ಳುತ್ತದೆ. ಇಲ್ಲದಿದ್ದರೆ ಟೈರು ಪೂರ್ತಿ ಮಡಚಿ ರಿಮ್ಮಿನ ಅಂಚಿಗೆ ತಾಗುತ್ತದೆ. ಆ ಕ್ಷಣದಲ್ಲಿ ಕೆಳಗೆ ಕಲ್ಲು, ಮೇಲೆ ಲೋಹದ ಅಂಚು, ನಡುವೆ ಟ್ಯೂಬು. ಅಡಕತ್ತರಿಯಲ್ಲಿ ಅಡಕೆ ಸಿಕ್ಕಂತೆ. ಟ್ಯೂಬಿನ ಮೇಲ್ಪದರ, ಕೆಳಪದರ ಎರಡೂ ಒಟ್ಟಿಗೆ ಸಿಕ್ಕಿಕೊಳ್ಳುವುದರಿಂದ ಎರಡೂ ಕತ್ತರಿಸುತ್ತವೆ. ಟ್ಯೂಬಿಗೆ ಗಾಳಿ ತುಂಬಿ ನೋಡಿದರೆ ಹಾವು ಕಚ್ಚಿದ ಗುರುತಿನಂತೆ ಜೋಡಿ ಗಾಯ ಕಾಣುತ್ತದೆ. ರೈಡರುಗಳು ಇದನ್ನು ಪಿಂಚ್ ಪಂಕ್ಚರ್ ಎಂದೂ ಸ್ನೇಕ್ ಬೈಟ್ ಎಂದೂ ಕರೆಯುತ್ತಾರೆ.

ಗಾಯವನ್ನು ಓದುವುದು ಕಲಿತರೆ ಕಾರಣ ಅಲ್ಲೇ ಗೊತ್ತಾಗುತ್ತದೆ. ಮೊಳೆ ಅಥವಾ ಮುಳ್ಳು ಚುಚ್ಚಿದ್ದರೆ ಟ್ಯೂಬಿನ ಹೊರಭಾಗದಲ್ಲಿ, ಅಂದರೆ ರಸ್ತೆಯ ಕಡೆ, ಒಂದೇ ಸಣ್ಣ ತೂತು ಇರುತ್ತದೆ. ರಿಮ್ಮಿನ ಕಡೆಗೆ ನಟ್ಟನಡುವೆ ತೂತಾಗಿದ್ದರೆ ಸ್ಪೋಕ್ ಕಡ್ಡಿಯ ತುದಿ ರಿಮ್ ಟೇಪನ್ನು ದಾಟಿ ಚುಚ್ಚಿದೆ ಎಂದು ಅರ್ಥ. ಟೈರು ಹಾಕಿದ ಕೂಡಲೇ ಗಾಳಿ ನಿಲ್ಲದೆ ಹೋದರೆ, ಗಾಯ ಬೀಡಿಂಗಿನ ಹತ್ತಿರವಿದ್ದರೆ, ತಪ್ಪು ಕಲ್ಲಿನದಲ್ಲ, ಹಾಕುವಾಗ ಟೈರ್ ಲಿವರ್ ಟ್ಯೂಬನ್ನು ಕಚ್ಚಿದೆ. ಜೋಡಿ ಸೀಳು ಕಂಡಾಗ ಟ್ಯೂಬಿಗೆ ಪ್ಯಾಚ್ ಹಾಕಿ ಮುಗಿಸಿಬಿಡಬಾರದು. ರಿಮ್ಮಿನ ಅಂಚಿನ ಸುತ್ತ ಬೆರಳಾಡಿಸಿ, ಎಲ್ಲಾದರೂ ತಗ್ಗು ಬಿದ್ದಿದೆಯೇ ನೋಡಬೇಕು. ಅವತ್ತು ನನ್ನ ರಿಮ್ಮಿನಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲದ ತಗ್ಗು ಸಿಕ್ಕಿತು.

ಹಾಗಾದರೆ ಗಾಳಿಯನ್ನು ಇಳಿಸುವುದೇ ಯಾಕೆ? ಸುಮಾರಾಗಿ ಲೆಕ್ಕ ಹಾಕಬಹುದು. ಬೈಕು, ನಾನು, ಬೆನ್ನ ಚೀಲ ಎಲ್ಲ ಸೇರಿ 240 ಕಿಲೋ. ಅದರಲ್ಲಿ ಅರ್ಧ, 120 ಕಿಲೋ, ಒಂದು ಚಕ್ರದ ಮೇಲಿದೆ ಎಂದುಕೊಳ್ಳೋಣ. 28 ಪಿಎಸ್‌ಐ ಎಂದರೆ ಒಂದು ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 2 ಕಿಲೋ ಒತ್ತಡ. ಅಷ್ಟು ಭಾರ ಹೊರಲು ಟೈರು ನೆಲಕ್ಕೆ 60 ಚದರ ಸೆಂಟಿಮೀಟರ್ ತಾಗಿದರೆ ಸಾಕು. 15 ಪಿಎಸ್‌ಐಗೆ ಇಳಿಸಿದರೆ ಒತ್ತಡ ಒಂದು ಕಿಲೋಗೆ ಬರುತ್ತದೆ, ಅದೇ ಭಾರಕ್ಕೆ 115 ಚದರ ಸೆಂಟಿಮೀಟರಿನಷ್ಟು ರಬ್ಬರ್ ನೆಲ ಹಿಡಿಯಬೇಕಾಗುತ್ತದೆ. ಟೈರಿನ ಪಕ್ಕೆಯ ಬಿಗಿಯೂ ಸ್ವಲ್ಪ ಭಾರ ಹೊರುವುದರಿಂದ ನಿಜವಾದ ಅಂಕಿ ಇದಕ್ಕಿಂತ ಕಡಿಮೆ ಇರುತ್ತದೆ, ಆದರೂ ಹಿಡಿತ ಹೆಚ್ಚುವುದಂತೂ ಸತ್ಯ. ಕೆಸರಿನಲ್ಲಿ ಬೈಕು ಸಲೀಸಾಗಿ ಏರಿದ್ದಕ್ಕೆ ಇದೇ ಕಾರಣ. ಸಣ್ಣ ಕಲ್ಲುಗಳ ಮೇಲೂ ಮೆತ್ತನೆಯ ಟೈರು ಕಲ್ಲನ್ನು ತಬ್ಬಿಕೊಂಡು ಹೋಗುತ್ತದೆ, ಗಟ್ಟಿ ಟೈರು ಚೆಂಡಿನಂತೆ ಪುಟಿದು ಪಕ್ಕಕ್ಕೆ ಜಾರುತ್ತದೆ.

ಕಲ್ಲಿನ ಚೂಪು ಅಂಚಿನ ಮೇಲೆ ಮಾತ್ರ ಈ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಟೈರಿಗೆ ಹರಡಿಕೊಳ್ಳಲು ಜಾಗವಿಲ್ಲ, ಆಳಕ್ಕೆ ಮಡಚಿಕೊಳ್ಳುವುದೊಂದೇ ದಾರಿ. ಎಷ್ಟು ಆಳಕ್ಕೆ ಮಡಚಬಹುದು ಎಂಬುದಕ್ಕೆ ಮಿತಿ ಇದೆ. ಟೈರಿನ ಪಕ್ಕೆಯ ಮೇಲಿನ ಅಂಕಿಯೇ ಅದನ್ನು ಹೇಳುತ್ತದೆ. ಎಕ್ಸ್‌ಪಲ್ಸ್‌ನ ಮುಂದಿನ ಟೈರು 90/90-21: ಅಗಲ 90 ಮಿಲಿಮೀಟರ್, ಎತ್ತರ ಅದರ ಶೇಕಡ 90, ಅಂದರೆ 81 ಮಿಲಿಮೀಟರ್. ಹಿಂದಿನದು 120/80-18, ಎತ್ತರ 96 ಮಿಲಿಮೀಟರ್. ಮುಂದೆ ಕಲ್ಲಿಗೂ ರಿಮ್ಮಿಗೂ ನಡುವೆ ಇರುವುದು ನಾಲ್ಕು ಬೆರಳಗಲದಷ್ಟು ಜಾಗ ಮಾತ್ರ. ಇಳಿಜಾರಿನಲ್ಲಿ, ಅದರಲ್ಲೂ ಬ್ರೇಕ್ ಹಿಡಿದಾಗ, ಭಾರವೆಲ್ಲ ಮುಂದಕ್ಕೆ ಬರುತ್ತದೆ. ನನ್ನ ಮುಂದಿನ ಟ್ಯೂಬೇ ಹೋಗಿದ್ದು ಆಕಸ್ಮಿಕವಲ್ಲ.

ಇದಕ್ಕೆ ವೇಗ ಸೇರಿಕೊಳ್ಳುತ್ತದೆ. ಗಾಳಿಯನ್ನು 21ರಿಂದ 15ಕ್ಕೆ ಇಳಿಸಿದರೆ ಟೈರಿನ ತಡೆಯುವ ಶಕ್ತಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಹೋಗುತ್ತದೆ. ಆದರೆ ವೇಗವನ್ನು ಗಂಟೆಗೆ 20 ಕಿಲೋಮೀಟರಿನಿಂದ 30ಕ್ಕೆ ಏರಿಸಿದರೆ ಹೊಡೆತದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ, ಏಕೆಂದರೆ ಅದು ವೇಗದ ವರ್ಗದಂತೆ ಬೆಳೆಯುತ್ತದೆ. ನಾನು ಅವತ್ತು ಎರಡೂ ತಪ್ಪು ಒಟ್ಟಿಗೆ ಮಾಡಿದ್ದೆ. ಗಾಳಿ ಕಡಿಮೆಯಿದ್ದೂ 20ರ ವೇಗದಲ್ಲಿ ಇಳಿದಿದ್ದರೆ ಟ್ಯೂಬ್ ಬಹುಶಃ ಉಳಿಯುತ್ತಿತ್ತು.

ಈಗ ರಿಮ್ ಲಾಕಿಗೆ ಬರೋಣ. ಟೈರು ರಿಮ್ಮಿನ ಮೇಲೆ ಜಾರದೆ ಕೂರುವುದು ಗಾಳಿಯ ಒತ್ತಡದಿಂದ. ಒಳಗಿನ ಗಾಳಿ ಬೀಡಿಂಗನ್ನು ರಿಮ್ಮಿನ ಅಂಚಿಗೆ ಒತ್ತಿ ಹಿಡಿದಿರುತ್ತದೆ. ಗಾಳಿ ಇಳಿದಾಗ ಆ ಬಿಗಿತವೂ ಇಳಿಯುತ್ತದೆ. ಆಗ ಎಕ್ಸಲರೇಟರ್ ತಿರುಗಿಸಿದರೆ ಹಿಂದಿನ ರಿಮ್ಮು ತಿರುಗುತ್ತದೆ, ಟೈರು ನೆಲವನ್ನು ಕಚ್ಚಿಕೊಂಡು ಒಂದಿಷ್ಟು ಹಿಂದೆ ಉಳಿಯುತ್ತದೆ. ಒಂದೊಂದು ಸಲಕ್ಕೆ ಒಂದೊಂದು ಮಿಲಿಮೀಟರಿನಂತೆ ಸರಿಯುತ್ತಾ ಹೋಗುತ್ತದೆ. ಟ್ಯೂಬು ಟೈರಿಗೆ ಅಂಟಿಕೊಂಡಿರುವುದರಿಂದ ಅದರ ಜೊತೆಗೇ ಸರಿಯುತ್ತದೆ. ಆದರೆ ಟ್ಯೂಬಿನ ವಾಲ್ವ್ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿದೆ, ಅದು ಸರಿಯುವಂತಿಲ್ಲ. ಕೊನೆಗೆ ವಾಲ್ವಿನ ಬುಡವೇ ಹರಿದುಹೋಗುತ್ತದೆ. ಈ ಗಾಯಕ್ಕೆ ಯಾವ ಪ್ಯಾಚೂ ಕೂರುವುದಿಲ್ಲ, ಟ್ಯೂಬನ್ನು ಎಸೆಯಬೇಕಷ್ಟೆ.

ರಿಮ್ ಲಾಕ್ ತಡೆಯುವುದು ಇದನ್ನು. ಅದೊಂದು ಸರಳ ಸಾಧನ: ರಬ್ಬರ್ ಹೊದಿಸಿದ ಅಂಗೈ ಅರ್ಧದಷ್ಟು ಉದ್ದದ ಲೋಹದ ತುಂಡು, ಅದರ ನಡುವಿನಿಂದ ಹೊರಟ ಬೋಲ್ಟ್. ತುಂಡು ಟೈರಿನ ಒಳಗೆ, ಟ್ಯೂಬಿಗೂ ರಿಮ್ಮಿಗೂ ನಡುವೆ ಕೂರುತ್ತದೆ. ಬೋಲ್ಟ್ ರಿಮ್ಮಿನ ತೂತಿನಿಂದ ಒಳಗಡೆಗೆ, ಸ್ಪೋಕ್ ಕಡ್ಡಿಗಳ ಕಡೆಗೆ ಬರುತ್ತದೆ. ಅಲ್ಲಿ ನಟ್ಟು ಬಿಗಿದರೆ ಲೋಹದ ತುಂಡು ಎರಡೂ ಬದಿಯ ಬೀಡಿಂಗನ್ನು ರಿಮ್ಮಿಗೆ ಅದುಮಿ ಹಿಡಿಯುತ್ತದೆ. ಗಾಳಿ ಕಡಿಮೆಯಿದ್ದರೂ ಟೈರು ಜಾರುವುದಿಲ್ಲ.

ಇಷ್ಟೇ ಅದರ ಕೆಲಸ. ಅದು ಚಕ್ರದ ಸುತ್ತಳತೆಯಲ್ಲಿ ಒಂದು ಗೇಣಿನಷ್ಟೂ ಜಾಗವನ್ನು ಕಾಯುವುದಿಲ್ಲ, ಉಳಿದ ಸುತ್ತಿನಲ್ಲೆಲ್ಲ ರಿಮ್ಮಿನ ಅಂಚು ಮೊದಲಿನಂತೆಯೇ ಟ್ಯೂಬಿನ ಮೇಲೆ ಕಾದಿರುತ್ತದೆ. ಜಾರುವಿಕೆಯ ಭಯ ಹೋಯಿತೆಂದು ನಾವು ಗಾಳಿಯನ್ನು ಇನ್ನಷ್ಟು ಇಳಿಸಿದರೆ, ಕಲ್ಲಿನ ಅಪಾಯದ ಹತ್ತಿರಕ್ಕೆ ನಾವೇ ಹೋದಂತಾಗುತ್ತದೆ. ಕೆಸರು, ಮರಳಿನಲ್ಲಿ ಗಾಳಿಯ ಕೆಳಮಿತಿಯನ್ನು ನಿರ್ಧರಿಸುವುದು ಜಾರುವ ಟೈರು, ಅಲ್ಲಿ ರಿಮ್ ಲಾಕ್ ಆ ಮಿತಿಯನ್ನು ಕೆಳಕ್ಕೆ ತರುತ್ತದೆ. ಕಲ್ಲಿನಲ್ಲಿ ಕೆಳಮಿತಿಯನ್ನು ನಿರ್ಧರಿಸುವುದು ರಿಮ್ಮಿನ ಅಂಚು. ಲಾಕ್ ಹಾಕಿದ್ದರೂ ಹಾಕದಿದ್ದರೂ ಆ ಮಿತಿ ಅಷ್ಟೇ.

ಹಾಗೆಂದು ಲಾಕ್ ಬೇಡವೆಂದಲ್ಲ. 20 ಪಿಎಸ್‌ಐಗಿಂತ ಕೆಳಗೆ ಓಡಿಸುವವರು ಹಿಂದಿನ ಚಕ್ರಕ್ಕಾದರೂ ಹಾಕಿಸಬೇಕು, ಎಂಜಿನ್ನಿನ ಎಳೆತ ಬೀಳುವುದು ಅಲ್ಲಿಯೇ. ಮುಂದಿನದರಲ್ಲಿ ಬಲವಾದ ಬ್ರೇಕ್ ಬಿದ್ದಾಗ ಮಾತ್ರ ಟೈರು ಸರಿಯಬಹುದು. ಲಾಕ್ ಕೊಳ್ಳುವಾಗ ರಿಮ್ಮಿನ ಅಗಲಕ್ಕೆ ತಕ್ಕ ಅಳತೆಯದನ್ನೇ ಆರಿಸಬೇಕು. ರಿಮ್ಮಿನ ಮೇಲೆಯೇ 1.85 ಅಥವಾ 2.15 ಎಂಬಂಥ ಅಂಕಿ ಅಚ್ಚಾಗಿರುತ್ತದೆ, ಅದು ಇಂಚಿನಲ್ಲಿ ಅಗಲ. ಅಗಲ ಕಡಿಮೆಯಾದರೆ ಬೀಡಿಂಗ್ ಸಿಕ್ಕುವುದಿಲ್ಲ, ಹೆಚ್ಚಾದರೆ ಲಾಕ್ ಓರೆಯಾಗಿ ಕೂರುತ್ತದೆ. ರಿಮ್ಮಿನಲ್ಲಿ ಲಾಕಿನ ತೂತಿಲ್ಲದಿದ್ದರೆ ಕೊರೆಸಬೇಕು. ಬೋಲ್ಟ್ ಸಾಮಾನ್ಯವಾಗಿ 8 ಮಿಲಿಮೀಟರಿನದು, ತೂತು ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಲಿ. ಎರಡು ಕಡ್ಡಿಗಳ ಸರಿಮಧ್ಯೆ, ರಿಮ್ಮಿನ ಬೆಸುಗೆ ಇರುವ ಜಾಗ ಬಿಟ್ಟು, ವಾಲ್ವಿನ ಎದುರು ಬದಿಯಲ್ಲಿ ಕೊರೆಸಿದರೆ ಚಕ್ರದ ತೂಕವೂ ಕೊಂಚ ಸಮವಾಗುತ್ತದೆ. ತೂತಿನ ಅಂಚನ್ನು ಅರದಿಂದ ತೀಡಿ ನುಣುಪು ಮಾಡದಿದ್ದರೆ ಅದೇ ಮುಂದೆ ಟ್ಯೂಬನ್ನು ಕೊಯ್ಯುತ್ತದೆ. ಟ್ಯೂಬಿಲ್ಲದ ಟೈರಿನ ರಿಮ್ಮಿಗೆ ಈ ಕೆಲಸ ಮಾಡಿಸಲೇಬಾರದು, ಗಾಳಿ ಆ ತೂತಿನಿಂದಲೇ ಹೋಗುತ್ತದೆ.

ಲಾಕ್ ಇರುವ ಚಕ್ರಕ್ಕೆ ಟೈರು ಹಾಕುವಾಗ ಹೆಚ್ಚಿನ ಪಂಕ್ಚರ್ ಅಂಗಡಿಗಳಲ್ಲಿ ತೊಡಕಾಗುತ್ತದೆ, ಅವರಿಗೆ ಅದು ಅಪರೂಪ. ಎದುರು ನಿಂತು ಮಾಡಿಸುವುದು ಒಳ್ಳೆಯದು. ನಟ್ಟನ್ನು ಬೋಲ್ಟಿನ ತುದಿಯವರೆಗೆ ಸಡಿಲಿಸಿ, ಬೋಲ್ಟನ್ನು ಹೊರಗಿನಿಂದ ಒಳಕ್ಕೆ ತಳ್ಳಿ ಹಿಡಿದರೆ ಲಾಕ್ ಮೇಲಕ್ಕೆ ಏಳುತ್ತದೆ, ಆಗ ಬೀಡಿಂಗ್ ಅದರ ಕೆಳಗೆ ಜಾರಿ ಕೂರುತ್ತದೆ. ಲಾಕ್ ಇರುವ ಕಡೆಯಿಂದ ಶುರುಮಾಡಿ ವಾಲ್ವಿನ ಕಡೆ ಮುಗಿಸಬೇಕು. ಟ್ಯೂಬಿಗೆ ಮೊದಲೇ ಆಕಾರ ನಿಲ್ಲುವಷ್ಟು ಗಾಳಿ ತುಂಬಿದ್ದರೆ ಮಡಿಕೆ ಬೀಳುವುದಿಲ್ಲ, ಲಿವರಿಗೂ ಸಿಗುವುದಿಲ್ಲ. ಮುಗಿದ ಮೇಲೆ ಬೋಲ್ಟನ್ನು ಬೆರಳಿನಿಂದ ಒತ್ತಿ ನೋಡಿ. ಅದು ಒಳಹೋಗಿ ಸ್ಪ್ರಿಂಗಿನಂತೆ ವಾಪಸ್ ಬಂದರೆ ಲಾಕಿನ ಅಡಿಯಲ್ಲಿ ಟ್ಯೂಬಾಗಲಿ ಬೀಡಿಂಗಾಗಲಿ ಸಿಕ್ಕಿಕೊಂಡಿಲ್ಲ. ನಂತರ 30 ಪಿಎಸ್‌ಐ ದಾಟಿಸಿ ಗಾಳಿ ತುಂಬಿ ಬೀಡಿಂಗ್ ಎಲ್ಲ ಕಡೆ ಸಮನಾಗಿ ಕೂತಿರುವುದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ನಟ್ಟು ಬಿಗಿಯಬೇಕು. ಮೊದಲೇ ಬಿಗಿದರೆ ಟೈರು ಅಲ್ಲಿ ತಗ್ಗಾಗಿ ಉಳಿದು ಚಕ್ರ ಕುಣಿಯುತ್ತದೆ. ಬಿಗಿ ಸಣ್ಣ ಸ್ಪ್ಯಾನರಿನಲ್ಲಿ ಒಂದು ಕೈಯ ಬಲದಷ್ಟು ಸಾಕು, 12 ನ್ಯೂಟನ್ ಮೀಟರಿನ ಆಸುಪಾಸು. ಮೊದಲ ಸವಾರಿಯ ನಂತರ ಮತ್ತೊಮ್ಮೆ ಬಿಗಿದು ನೋಡಿ.

ಲಾಕ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಸುಲಭ. ಟೈರಿನ ಪಕ್ಕೆಯಿಂದ ರಿಮ್ಮಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಸವಾರಿ ಮುಗಿದ ಮೇಲೆ ಗೆರೆ ತುಂಡಾಗಿ ಎರಡು ಭಾಗ ಬೇರೆಬೇರೆ ಕಡೆ ಕಂಡರೆ ಟೈರು ಸರಿದಿದೆ. ವಾಲ್ವಿನ ಸುತ್ತ ಇರುವ ಸಣ್ಣ ನಟ್ಟನ್ನು ರಿಮ್ಮಿಗೆ ಬಿಗಿಯುವ ಅಭ್ಯಾಸ ನಮ್ಮಲ್ಲಿ ಎಲ್ಲ ಕಡೆ ಇದೆ. ಮಣ್ಣುದಾರಿಗೆ ಅದು ಬೇಡ. ಅದನ್ನು ಮೇಲಕ್ಕೆ ತಿರುಗಿಸಿ ಕ್ಯಾಪಿನ ಹತ್ತಿರ ನಿಲ್ಲಿಸಿ. ಆಗ ಟ್ಯೂಬ್ ಸರಿದರೆ ವಾಲ್ವ್ ಓರೆಯಾಗಿ ನಿಂತು ನಿಮಗೆ ಸೂಚನೆ ಕೊಡುತ್ತದೆ, ಬುಡ ಹರಿಯುವ ಮೊದಲೇ ಗಾಳಿ ಬಿಟ್ಟು ನೇರ ಮಾಡಿಕೊಳ್ಳಬಹುದು. ನಟ್ಟು ಬಿಗಿದಿದ್ದರೆ ವಾಲ್ವ್ ಕೊನೆಯವರೆಗೂ ನೇರವಾಗಿಯೇ ನಿಂತು ಏಕಾಏಕಿ ಹರಿಯುತ್ತದೆ.

ಹಾಗಾದರೆ ಕಲ್ಲಿಗೆ ಎಷ್ಟು ಗಾಳಿ? ನನ್ನ ತೂಕ, ನನ್ನ ಬೈಕು, ಆ ತೋಟದ ದಾರಿಗೆ ನಾನು ಈಗ ಇಡುವುದು ಮುಂದೆ 21, ಹಿಂದೆ 23. ಕೆಸರಷ್ಟೇ ಇದ್ದರೆ 16, 17. ನೂರು ಚಿಲ್ಲರೆ ಕಿಲೋ ತೂಗುವ ಸ್ಪರ್ಧೆಯ ಬೈಕಿನವರು ಹೇಳುವ 12, 13ರ ಅಂಕಿಗಳನ್ನು ನಮ್ಮ ಭಾರದ ಬೈಕುಗಳಿಗೆ ತರಬಾರದು. ಅವರ ಟ್ಯೂಬು, ಟೈರು, ತೂಕ ಎಲ್ಲವೂ ಬೇರೆ. ನಿಮ್ಮ ಅಂಕಿಯನ್ನು ನೀವೇ ಹುಡುಕಬೇಕು. ಕಂಪನಿ ಹೇಳಿದ ರಸ್ತೆಯ ಒತ್ತಡದಿಂದ ಶುರುಮಾಡಿ, ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ಎರಡೆರಡು ಪಿಎಸ್‌ಐ ಇಳಿಸುತ್ತಾ ಹೋಗಿ. ಮೊದಲು ಪುಟಿತ ಕಡಿಮೆಯಾಗುತ್ತದೆ, ಆಮೇಲೆ ಹಿಡಿತ ಹೆಚ್ಚುತ್ತದೆ. ಎಲ್ಲಿ ಒಮ್ಮೆ ‘ಟಣ್’ ಎಂಬ ಸದ್ದು ಕೇಳಿತೋ ಅಲ್ಲಿಗೆ ನಿಲ್ಲಿಸಿ, ಮೂರು ಪಿಎಸ್‌ಐ ವಾಪಸ್ ಏರಿಸಿ. ಹಿಂದೆ ಲಗೇಜ್ ಕಟ್ಟಿದ ದಿನ ಹಿಂದಿನದಕ್ಕೆ ಇನ್ನೂ ಎರಡು ಸೇರಿಸಿ.

ಅಳೆಯುವ ವಿಷಯದಲ್ಲಿ ನಾನು ಹಟಮಾರಿ. ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿ 15 ಮತ್ತು 20ರ ವ್ಯತ್ಯಾಸ ಹೇಳಲು ಆಗುವುದಿಲ್ಲ, ಪೆಟ್ರೋಲ್ ಬಂಕಿನ ಮೀಟರು ಒಂದೊಂದು ಕಡೆ ಒಂದೊಂದು ಹೇಳುತ್ತದೆ. ಕಡಿಮೆ ಒತ್ತಡ ತೋರಿಸುವ ಸಣ್ಣ ಗೇಜೊಂದನ್ನು ಕೊಂಡು ಯಾವಾಗಲೂ ಅದರಲ್ಲೇ ಅಳೆಯಿರಿ. ಗೇಜು ಒಂದು ಪಿಎಸ್‌ಐ ತಪ್ಪು ತೋರಿಸಿದರೂ ಪ್ರತಿಸಲ ಅದೇ ತಪ್ಪನ್ನು ತೋರಿಸಿದರೆ ಸಾಕು. ಬೆಳಿಗ್ಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗಲೇ ನೋಡಬೇಕು. ಮಲೆನಾಡಿನ 18 ಡಿಗ್ರಿ ಚಳಿಯಲ್ಲಿ 21 ಇದ್ದದ್ದು, ಮಧ್ಯಾಹ್ನ ಓಡಿ ಬಿಸಿಯಾಗಿ ಟೈರೊಳಗಿನ ಗಾಳಿ 38 ಡಿಗ್ರಿಗೆ ಬಂದಾಗ 23 ದಾಟಿರುತ್ತದೆ. ಹೆಚ್ಚಾಯಿತೆಂದು ಆಗ ಬಿಟ್ಟರೆ ಮಾರನೆಯ ಬೆಳಿಗ್ಗೆ ಕಡಿಮೆ ಬಿದ್ದಿರುತ್ತದೆ.

ಸವಾರನ ಪಾಲೂ ದೊಡ್ಡದು. ಕಲ್ಲು ಬರುವ ಮೊದಲೇ ಬ್ರೇಕ್ ಮುಗಿಸಿ, ಬಡಿಯುವ ಕ್ಷಣಕ್ಕೆ ಬಿಟ್ಟುಬಿಡಬೇಕು. ಬ್ರೇಕ್ ಹಿಡಿದೇ ಬಡಿದರೆ ಫೋರ್ಕ್ ಆಗಲೇ ಕುಸಿದಿರುತ್ತದೆ, ಹೊಡೆತ ನುಂಗಬೇಕಾದ ಕೆಲಸವೆಲ್ಲ ಟೈರಿನ ಮೇಲೆ ಬೀಳುತ್ತದೆ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಮಂಡಿ ಸಡಿಲವಾಗಿಟ್ಟರೆ ಮೈಭಾರ ಚಕ್ರದ ಜೊತೆ ಒಮ್ಮೆಲೇ ಇಳಿಯುವುದಿಲ್ಲ. ಚೂಪು ಅಂಚಿಗೆ ಸ್ವಲ್ಪ ಮೊದಲು ಎಕ್ಸಲರೇಟರನ್ನು ಒಂದಿಷ್ಟೇ ತಿರುಗಿಸಿದರೆ ಮುಂದಿನ ಚಕ್ರ ಹಗುರಾಗುತ್ತದೆ.

ದಪ್ಪನೆಯ ಹೆವಿ ಡ್ಯೂಟಿ ಟ್ಯೂಬ್ ಹಾಕಿದರೆ ಪಿಂಚ್ ಪಂಕ್ಚರ್ ಕಡಿಮೆಯಾಗುತ್ತದೆ, ಕತ್ತರಿಸಲು ಹೆಚ್ಚು ರಬ್ಬರಿರುತ್ತದೆ. ಆದರೆ ಅದು ಭಾರ, ಹೆದ್ದಾರಿಯಲ್ಲಿ ಬಿಸಿಯೂ ಹೆಚ್ಚು. ಟ್ಯೂಬಿಲ್ಲದ ಟೈರಿನಲ್ಲಿ ಕತ್ತರಿಸಲು ಟ್ಯೂಬೇ ಇರುವುದಿಲ್ಲ, ಅಲ್ಲಿ ಕಲ್ಲು ರಿಮ್ಮಿನ ಅಂಚನ್ನೇ ಬಗ್ಗಿಸಿ ಗಾಳಿ ಸೋರುವಂತೆ ಮಾಡುತ್ತದೆ. ಬೆಂಗಳೂರಿನ ಸಿ.ಎಸ್. ಸಂತೋಷ್, ಉಡುಪಿಯ ಕೆ.ಪಿ. ಅರವಿಂದ್ ಓಡಿಸಿದ ಡಕಾರ್ ರ‍್ಯಾಲಿಯಲ್ಲಿ ಬೈಕುಗಳ ಟೈರೊಳಗೆ ಗಾಳಿಯೇ ಇರುವುದಿಲ್ಲ. ಮೂಸ್ ಎಂಬ ಸ್ಪಂಜಿನಂಥ ರಬ್ಬರಿನ ಉಂಗುರವನ್ನು ತುಂಬಿರುತ್ತಾರೆ. ಅದಕ್ಕೆ ಪಂಕ್ಚರಿಲ್ಲ. ಆದರೆ ಬಿಸಿಗೆ ಅದು ಒಳಗೇ ಪುಡಿಯಾಗುತ್ತದೆ, ಆಗಾಗ ಬದಲಿಸಬೇಕು. ಮನೆಯಿಂದ ಇನ್ನೂರು ಕಿಲೋಮೀಟರ್ ಟಾರು ರಸ್ತೆಯಲ್ಲಿ ಓಡಿ ತೋಟ ಸೇರುವ ನಮ್ಮಂಥವರಿಗೆ ಅದು ಹೊಂದುವುದಿಲ್ಲ.

ಅವತ್ತು ನನ್ನ ಚೀಲದಲ್ಲಿ ಇದ್ದದ್ದು 21 ಇಂಚಿನ ಒಂದೇ ಟ್ಯೂಬ್. ಬೇಕೆಂದೇ ಅದನ್ನು ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅಗತ್ಯ ಬಿದ್ದರೆ ಅದನ್ನು 18 ಇಂಚಿನ ಹಿಂದಿನ ಚಕ್ರಕ್ಕೂ ಮಡಚಿ ತುರುಕಿ ಊರು ಸೇರಬಹುದು. ಎಂಜಿನ್ನಿನ ಅಡಿಗೆ ಕಲ್ಲು ಕೊಟ್ಟು ಮುಂದಿನ ಚಕ್ರ ಎತ್ತಿದೆವು. ತಗ್ಗುಬಿದ್ದ ಅಂಚನ್ನು ತೋಟದ ಮನೆಯಿಂದ ತಂದ ಸುತ್ತಿಗೆಯಿಂದ, ಮರದ ತುಂಡು ಅಡ್ಡವಿಟ್ಟು, ಮೆಲ್ಲನೆ ತಟ್ಟಿದೆವು. ಟ್ಯೂಬ್ ಹಾಕಿ ಕೈಪಂಪಿನಲ್ಲಿ 30 ದಾಟಿಸಿ, ಲಾಕ್ ಬಿಗಿದು, 21ಕ್ಕೆ ಇಳಿಸಿದಾಗ ಮಧ್ಯಾಹ್ನವಾಗಿತ್ತು.

ಮುಂದಿನ ತಿಂಗಳು ಅದೇ ದಾರಿಗೆ ಮತ್ತೆ ಹೋದೆವು. ಕೆಸರು ಮುಗಿಯುವ ತಿರುವಿನಲ್ಲಿ ಹಲಸಿನ ಮರವೊಂದಿದೆ. ಈಗ ಅಲ್ಲಿ ನಿಂತು ಪಂಪು ತೆಗೆಯುವುದು ನಮ್ಮಿಬ್ಬರ ರೂಢಿ. ಒಂದೊಂದು ಚಕ್ರಕ್ಕೆ ಎರಡು ನಿಮಿಷ. ಇಳಿಯುವಾಗ ಅದೇ ಚರಂಡಿ, ಅದೇ ಸೈಜುಗಲ್ಲು. ‘ದಬ್’ ಎಂದಿತು, ‘ಟಣ್’ ಅನ್ನಲಿಲ್ಲ. ತೋಟದ ಗೇಟಿನಲ್ಲಿ ಬಗ್ಗಿ ನೋಡಿದೆವು. ಬಿಳಿ ಗೆರೆ ಎರಡೂ ಚಕ್ರದಲ್ಲಿ ಕೂಡಿಕೊಂಡೇ ಇತ್ತು, ವಾಲ್ವ್ ನೇರವಾಗಿ ನಿಂತಿತ್ತು. ಟಾರು ರಸ್ತೆಗೆ ಇಳಿಯುವ ಮೊದಲು ಗೆಳೆಯ ಪಂಪು ಕೈಗೆತ್ತಿಕೊಂಡು, “ಹಿಂದಿಂದು ನಂಗೆ ಬಿಡು, ಮುಂದಿಂದು ನೀನು ನೋಡ್ಕೋ” ಅಂದ.